ಅಣಿಲೆ ಬಟ್ಟೆಯ ತುಂಡುಗಳು

ನೂಲಿಗೆ ಹಾಕುವ ಹಲಸಿನ ಮರದ ಚಕ್ಕೆಯ ಹಳದಿ ಬಣ್ಣ ಈ ಸಲ ಕೈಕೊಟ್ಟಿತು. ತಾಮ್ರದ ಹಂಡೆಯಿಂದ ಎತ್ತುವಾಗ ನೂಲು ಚಂದವೇ ಇತ್ತು. ಶಿರಿಯ ಹೊಳೆಯಲ್ಲಿ ಜಾಲಿಸಿ ಗಳಕ್ಕೆ ಹಾಕಿದ್ದೇ ತಡ, ಬಾಡಿದ ಬಾಳೆಎಲೆಯ ಬಣ್ಣಕ್ಕೆ ತಿರುಗಿತು.

ಶೆಟ್ಟಿಗಾರಜ್ಜ ಮೊದಲು ತನ್ನ ಕೈಯನ್ನೇ ಸಂಶಯಿಸಿದರು. ಒಂದು ಕಿಲೋ ಲಡಿಗೆ 200 ಗ್ರಾಂ ಅಣಿಲೆಕಾಯಿ ಪುಡಿ, ರಾತ್ರಿಯಿಡೀ ನೆನೆ, ಹಿಂಡಿ ನೆರಳಲ್ಲಿ ಒಣಗಿಸಿದ್ದು; ಆಮೇಲೆ 150 ಗ್ರಾಂ ಪಟಿಕ. ತೂಕ ತಪ್ಪಿರಲಿಲ್ಲ, ಹಂಡೆಗೆ ಕಬ್ಬಿಣ ಸೋಕಿರಲಿಲ್ಲ. ಇನ್ನುಳಿದದ್ದು ಹೊಳೆ.

ಒಗೆಯುವ ಕಲ್ಲಿನ ಬುಡದಲ್ಲಿ ನೀರಿಗೆ ತೆಳುವಾದ ಚಾದ ಬಣ್ಣ. ಮೇಲೆ ಕಾಮನಬಿಲ್ಲಿನಂಥ ಪೊರೆ.

"ಯಾರೋ ಎಣ್ಣೆ ಚೆಲ್ಲಿದ್ದಾರೆ ಅಜ್ಜ" ಎಂದ ಮೊಮ್ಮಗ.

ಅಜ್ಜ ಒಂದು ಕಡ್ಡಿಯಿಂದ ಮುಟ್ಟಿದರು. ಪೊರೆ ಹಪ್ಪಳದ ಹಾಗೆ ಚೂರುಚೂರಾಯಿತು, ಚೂರುಗಳು ಮತ್ತೆ ಕೂಡಲಿಲ್ಲ. "ಎಣ್ಣೆಯಾದರೆ ಕೂಡಿಕೊಳ್ತಿತ್ತು. ಇದು ಕಬ್ಬಿಣದ ನೀರು ಮಗಾ."

"ರಸ್ತೆ ಕೆಲಸದ ಕೆಂಪುಮಣ್ಣು ಇರಬಹುದಲ್ಲ?"

"ಒಂದು ಚೊಂಬು ತುಂಬಿಸಿ ಇಡು. ಮಣ್ಣಾದರೆ ಬೆಳಗಾಗುವಾಗ ತಿಳಿಯಾಗ್ತದೆ."

ಹೊಳೆಯ ನಡುವಿನ ತಿಳಿನೀರನ್ನೇ ಮೊಗೆದಿಟ್ಟದ್ದು. ಬೆಳಗ್ಗೆ ನೋಡಿದರೆ ಅದು ಕಲಡಿ ಕೆಂಪಾಗಿ, ತಳದಲ್ಲಿ ತುಕ್ಕು ಕೂತಿತ್ತು. ಕರಗಿದ ಕಬ್ಬಿಣ ಕಣ್ಣಿಗೆ ಕಾಣುವುದಿಲ್ಲ. ಗಾಳಿ ತಾಗಿದ ಮೇಲೆಯೇ ಬಣ್ಣ ತೋರಿಸುವುದು.

ಅಜ್ಜ ಹಳೆಯ ಬಿಳಿ ಪಂಚೆಯನ್ನು ಅಣಿಲೆ ನೀರಿನಲ್ಲಿ ಅದ್ದಿ ಒಣಗಿಸಿ ಹತ್ತು ತುಂಡು ಹರಿದರು. ಅಣಿಲೆಯ ಒಗರಿಗೆ ಕಬ್ಬಿಣ ಸಿಕ್ಕಿತೆಂದರೆ ಕಪ್ಪು. ಹಿಂದಿನವರು ಶಾಯಿ ಮಾಡಿದ್ದೂ ಹೀಗೆಯೇ. ನೀರಲ್ಲಿ ಮುಳುಗಿಸಿ ನೂರು ಎಣಿಸುವುದು, ತೆಗೆದು ಗಾಳಿಗೆ ಹಿಡಿಯುವುದು, ಜಾಗದ ಗುರುತಿಗೆ ಮೂಲೆಯಲ್ಲಿ ಗಂಟು ಹಾಕುವುದು. ಒಂದನೇ ಜಾಗಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು.

ಒಗೆಯುವ ಕಲ್ಲಿನ ಹತ್ತಿರ ತುಂಡು ಬೂದಿ ಬಣ್ಣಕ್ಕೆ ಬಂತು. ತೋಡು ಹೊಳೆಗೆ ಸೇರುವಲ್ಲಿ ಎರಡು ಕಡೆಯೂ ಅದ್ದಿದರು. ಹೊಳೆಯ ಮೇಲ್ಭಾಗದ್ದು ಅಣಿಲೆಯ ಮಾಸಲು ಹಳದಿಯಾಗಿಯೇ ಉಳಿಯಿತು, ತೋಡಿನದ್ದು ಕಪ್ಪಿಟ್ಟಿತು. ಅಲ್ಲಿಂದ ಹೊಳೆ ಬಿಟ್ಟು ತೋಡಿನ ದಾರಿ ಹಿಡಿದರು. ಕಂಗಿನ ತೋಟದ ಬದಿಯಲ್ಲಿ ಮುಕ್ಕಾಲು ಗಂಟೆ ನಡಿಗೆ. ಮೊಣಕಾಲು ನೋವಿಗೆ ಅಜ್ಜ ಎರಡು ಸಲ ಕೂತರು.

ಐದನೇ ತುಂಡು ಅದ್ದಿದ್ದು ತೋಡಿಗೆ ಅಡ್ಡ ಹಾಕಿದ ಒಂದು ಕಟ್ಟದ ಕೆಳಗೆ. ಅದು ಬರೀ ಮಸುಕಾಯಿತಷ್ಟೆ.

"ಕಡಿಮೆಯಾಯ್ತು! ಮೂಲ ಹಿಂದೆ ಬಿಟ್ಟು ಬಂದೆವು ಅಜ್ಜ, ಹಿಂದೆ ಹೋಗುವ."

ಇಲ್ಲಿಯೇ ಯಾರಾದರೂ ಮೋಸ ಹೋಗುವುದು. ಅಜ್ಜ ಕಟ್ಟದ ಮೇಲಕ್ಕೆ ಹತ್ತಿ ನಿಂತ ನೀರಿನ ತಳದಿಂದ ಒಂದು ಮುಷ್ಟಿ ಎತ್ತಿದರು. ಬೆರಳ ಸಂದಿಯಲ್ಲಿ ಲೋಳೆಯಂಥ ಕೇಸರಿ ತುಕ್ಕು ಇಳಿಯಿತು. ನೀರು ನಿಂತಲ್ಲಿ ತುಕ್ಕು ಕೂತು, ತೆಳುವಾದದ್ದು ಕಟ್ಟ ಹಾರಿ ಇಳಿಯುತ್ತಿತ್ತು. ಕಟ್ಟದಾಚೆ, ಹರಿವು ಬಂದು ಸೇರುವಲ್ಲಿ ಅದ್ದಿದ ಆರನೇ ತುಂಡು ಕಾಡಿಗೆಯ ಹಾಗಾಯಿತು. ತೋಡು ಹೊಳೆಗೆ ಸೇರುವಲ್ಲಿನ ಕಪ್ಪಿಗೆ ಕಾರಣ, ಕಟ್ಟದ ಕೆಳಗೆ ಬಂದು ಕೂಡುತ್ತಿದ್ದ ಇನ್ನೊಂದು ಕವಲು. ಎರಡೂ ಒಂದೇ ಗುಡ್ಡದಿಂದ ಇಳಿದವು.

ಗುಡ್ಡದ ಮೇಲೆ ಕೆಂಪುಕಲ್ಲಿನ ಕೋರೆ. ಹಳೆಯ ಗುಂಡಿಯಲ್ಲಿ ಮಳೆನೀರು ನಿಂತು, ವರ್ಷಗಳ ಗೇರು ಎಲೆ ತಳದಲ್ಲಿ ಕೊಳೆತಿತ್ತು. ಗಾಳಿಯಿಲ್ಲದ ಅಂಥ ಕೊಳೆತದಲ್ಲಿ ಕಲ್ಲಿನ ಕಬ್ಬಿಣ ನೀರಿಗೆ ಇಳಿಯುತ್ತದೆ. ಮತ್ತೆ ಕಲ್ಲು ಕಡಿಯಲು ಪಂಪು ಇಟ್ಟು ತಳದ ನೀರನ್ನೇ ಎರಡೂ ಬದಿಗೆ ಬಿಡುತ್ತಿದ್ದರು.

ಕೋರೆಯವರು ನಕ್ಕರು. "ಮಳೆನೀರಜ್ಜ ಇದು! ನಾವು ಇದಕ್ಕೆ ಎಂತ ಹಾಕಿದ್ದೇವೆ?"

ಅಜ್ಜ ವಾದಕ್ಕೆ ಹೋಗಲಿಲ್ಲ. ಪೈಪಿನ ಬಾಯಿಗೆ ಏಳನೇ ತುಂಡು ಹಿಡಿದರು. ಗಾಳಿಗೆ ಎತ್ತಿದಂತೆ ನೋಡನೋಡುತ್ತ ಅದು ಕಪ್ಪಾಯಿತು. ಉಳಿದ ಆರನ್ನೂ ಗಂಟಿನ ಲೆಕ್ಕದಲ್ಲಿ ಕಲ್ಲಿನ ಮೇಲೆ ಸಾಲಾಗಿ ಹರಡಿದರು. ಕೋರೆಯವರ ನಗು ನಿಂತಿತು.

"ಪಂಪು ನಿಲ್ಲಿಸಿದರೆ ಹದಿನೈದು ಜನರ ಕೆಲಸ ನಿಲ್ತದೆ."

"ನಿಲ್ಲಿಸುವುದು ಬೇಡ. ಬದಿಯ ಖಾಲಿ ಗುಂಡಿಗೆ ಕಲ್ಲಿನ ಮೆಟ್ಟಿಲ ಮೇಲಿಂದ ಬೀಳಿಸಿ, ಗಾಳಿ ತಾಗಲಿ. ಎರಡು ದಿನ ನಿಲ್ಲಿಸಿ ಮೇಲಿನ ತಿಳಿ ಮಾತ್ರ ಹೊರಗೆ ಬಿಡಿ. ಕೆಳಗೆ ಕಟ್ಟ ಮಾಡ್ತಾ ಇರುವುದೂ ಅದನ್ನೇ."

ಅವರು ಹೂಂ ಎನ್ನಲಿಲ್ಲ, ಉಹುಂ ಎನ್ನಲೂ ಇಲ್ಲ.

ಹತ್ತನೇ ದಿನ ಅಜ್ಜ ಒಗೆಯುವ ಕಲ್ಲಿನ ಬಳಿ ಎಂಟನೇ ತುಂಡು ಅದ್ದಿ ನೂರು ಎಣಿಸಿದರು, ಮತ್ತೆ ಇನ್ನೂರರ ತನಕ. ಅಂಚಿನಲ್ಲಿ ಮಾತ್ರ ನಸುಬೂದಿ.

"ಹಂಡೆ ಇಡುವುದಾ ಅಜ್ಜ?"

"ಇಡು. ಅರ್ಧ ಕಿಲೋ ಮಾತ್ರ. ಜಾಲಿಸುವುದು ಬಾವಿನೀರಲ್ಲಿ."