ಮನೆಯ ಮಾಡು ರಿಪೇರಿಗಾಗಿ ನಿಶ್ಚಿತ ಠೇವಣಿಯನ್ನು ದಂಡವಿಲ್ಲದೆ ಅವಧಿಗೆ ಮುನ್ನ ಮುರಿದುಕೊಡಲು ಕೋರಿಕೆ

ಮೇಗರವಳ್ಳಿ, ತೀರ್ಥಹಳ್ಳಿ ತಾಲ್ಲೂಕು
ದಿನಾಂಕ: 22-04-2025

ಗೆ,
ಶಾಖಾ ವ್ಯವಸ್ಥಾಪಕರು,
ತೀರ್ಥಹಳ್ಳಿ ಶಾಖೆ

ಮಾನ್ಯರೇ,

ನಾನು 74 ವರ್ಷದ ನಿವೃತ್ತ ಶಿಕ್ಷಕ. ತಮ್ಮ ಶಾಖೆಯಲ್ಲಿ ನನ್ನ ಮತ್ತು ನನ್ನ ಪತ್ನಿಯ ಜಂಟಿ ಹೆಸರಿನಲ್ಲಿ 4,00,000 ರೂ. ಠೇವಣಿ ಇದೆ (ರಸೀದಿಯ ಕೊನೆಯ ಅಂಕಿಗಳು 4417). 12-06-2023ರಂದು ಶೇ. 7.25ರ ಬಡ್ಡಿಗೆ ಮೂರು ವರ್ಷಕ್ಕೆ ಇಟ್ಟದ್ದು. ತೆರಿಗೆ ಉಳಿತಾಯದ ಠೇವಣಿಯಲ್ಲ. ಇದರ ಮೇಲೆ ಸಾಲವೂ ಇಲ್ಲ.

ನಮ್ಮ ಹೆಂಚಿನ ಮನೆಯ ಜಂತೆ, ಪಕಾಸಿಗಳಿಗೆ ಗೆದ್ದಲು ಹತ್ತಿದೆ. ಅಡುಗೆಮನೆಯ ಮೇಲಿನ ತೊಲೆ ಸೀಳಿ ಬಾಗಿದೆ, ಆಸರೆಗೆ ಕಂಬ ಕೊಟ್ಟು ನಿಲ್ಲಿಸಿದ್ದೇವೆ. ಹೆಂಚು ಸರಿದಲ್ಲಿ ನೀರಿಳಿದು ಮಣ್ಣಿನ ಗೋಡೆಯ ತಲೆಭಾಗ ಕರಗಿದೆ. ಜೂನ್ ಮೊದಲ ವಾರ ಮಳೆ ಹಿಡಿದರೆ ಮಾಡು ಬಿಚ್ಚುವಂತಿಲ್ಲ. ಬಡಗಿ ಮೇ 5ಕ್ಕೆ ಕೆಲಸ ಹಿಡಿಯಲು ಒಪ್ಪಿದ್ದಾರೆ, ಮರಕ್ಕೆ ಮುಂಗಡ ಅದಕ್ಕೂ ಮೊದಲೇ ಕೊಡಬೇಕು. ಅಂದಾಜು ಹೀಗಿದೆ: ತೊಲೆ, ಪಕಾಸಿಗೆ 1,65,000, ರೀಪಿಗೆ 48,000, 900 ಹೆಂಚಿಗೆ 40,500, ಕೂಲಿ 95,000, ಗೋಡೆ ರಿಪೇರಿ 36,500. ಒಟ್ಟು 3,85,000 ರೂ.

ಠೇವಣಿಯ ಮೇಲೆ ಸಾಲ ಪಡೆಯಬಹುದೆಂದು ಸಿಬ್ಬಂದಿ ತಿಳಿಸಿದರು. ಆದರೆ ಶೇ. 90ರಂತೆ ಸಿಗುವುದು 3,60,000 ರೂ. ಮಾತ್ರ, ಕೆಲಸಕ್ಕೆ ಸಾಲದು. ಆ ಸಾಲ ಕೊನೆಗೆ ತೀರುವುದೂ ಇದೇ ಠೇವಣಿಯಿಂದಲೇ, ಅಲ್ಲಿಯವರೆಗೆ ಶೇ. 1ರಷ್ಟು ಹೆಚ್ಚಿನ ಬಡ್ಡಿ ಪಿಂಚಣಿಯಿಂದ ಹೋಗುತ್ತದೆ.

ಠೇವಣಿ ನಿಂತಿರುವುದು 680 ದಿನ. ಇಟ್ಟ ದಿನ ಒಂದರಿಂದ ಎರಡು ವರ್ಷದ ಅವಧಿಗೆ ಇದ್ದ ಶೇ. 7ರ ದರವನ್ನೇ ಲೆಕ್ಕ ಹಾಕಿ, ಈಗಾಗಲೇ ಮೂರು ತಿಂಗಳಿಗೊಮ್ಮೆ ಜಮೆಯಾದ ಹೆಚ್ಚಿನ ಬಡ್ಡಿಯನ್ನು ಅಸಲಿನಲ್ಲಿ ಹಿಡಿದುಕೊಳ್ಳಲು ನಮ್ಮ ತಕರಾರಿಲ್ಲ. ಅದು ನ್ಯಾಯವಾದ ಲೆಕ್ಕ. ಅದರ ಮೇಲೆ ಶೇ. 0.50ರ ದಂಡ ಬಿದ್ದರೆ ಇನ್ನೂ ಸುಮಾರು 3,700 ರೂ. ಹೋಗುತ್ತದೆ, ಆ ದುಡ್ಡಿನಲ್ಲಿ ಎಂಬತ್ತು ಹೆಂಚು ಬರುತ್ತವೆ. ಹಿರಿಯ ನಾಗರಿಕರೆಂದೂ ಹಣ ಬೇರೆ ಬ್ಯಾಂಕಿಗೆ ಹೋಗುತ್ತಿಲ್ಲವೆಂದೂ ಪರಿಗಣಿಸಿ ಈ ದಂಡವನ್ನಷ್ಟೇ ಮನ್ನಾ ಮಾಡಬೇಕೆಂದು ಬೇಡಿಕೊಳ್ಳುತ್ತೇವೆ.

ಮನ್ನಾ ಮಾಡುವ ಅಧಿಕಾರ ಶಾಖೆಗೆ ಇಲ್ಲದಿದ್ದರೆ ಈ ಅರ್ಜಿಯನ್ನು ತಮ್ಮ ಶಿಫಾರಸಿನೊಂದಿಗೆ ಪ್ರಾದೇಶಿಕ ಕಚೇರಿಗೆ ಕಳಿಸಿ, ಏಪ್ರಿಲ್ 30ರೊಳಗೆ ಲಿಖಿತ ಉತ್ತರ ಕೊಡಿ. ಅಷ್ಟರೊಳಗೆ ತೀರ್ಮಾನವಾಗದಿದ್ದರೆ ದಂಡ ಹಿಡಿದೇ ಠೇವಣಿ ಮುರಿದುಕೊಡಿ, ಮನ್ನಾದ ಕೋರಿಕೆ ಮಾತ್ರ ಬಾಕಿ ಇರಲಿ. ಮಂಜೂರಾದ ಮೇಲೆ ಮೊತ್ತವನ್ನು ಮರಳಿ ಜಮೆ ಮಾಡಬಹುದು. ಹಣವನ್ನು ನಮ್ಮ ಜಂಟಿ ಉಳಿತಾಯ ಖಾತೆಗೆ (ಕೊನೆಯ ಅಂಕಿಗಳು 2086) ಹಾಕಿ, ಬಡ್ಡಿ ಲೆಕ್ಕದ ಚೀಟಿ ಕೊಡಬೇಕು. 2025-26ರ 15ಎಚ್ ನಮೂನೆ ಕೊಟ್ಟಿದ್ದೇವೆ.

ಠೇವಣಿಯ ಷರತ್ತು ‘ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು’ ಎಂದಿದ್ದರೂ ಅವಧಿಗೆ ಮುನ್ನ ಮುರಿಯುವುದರಿಂದ ಇಬ್ಬರೂ ಸಹಿ ಮಾಡಿದ್ದೇವೆ. ಪತ್ನಿಗೆ ಮಂಡಿನೋವು, ಖುದ್ದು ಸಹಿ ಬೇಕೇಬೇಕೆಂದರೆ ಮೊದಲೇ ತಿಳಿಸಿದರೆ ಕರೆತರುತ್ತೇನೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿ) ಎಚ್. ಆರ್. ನಾಗಪ್ಪ
(ಸಹಿ) ಸಾವಿತ್ರಮ್ಮ

ಲಗತ್ತು: ಹಿಂಬದಿಯಲ್ಲಿ ರೆವಿನ್ಯೂ ಸ್ಟಾಂಪಿನ ಮೇಲೆ ಇಬ್ಬರೂ ಸಹಿ ಮಾಡಿದ ಮೂಲ ಠೇವಣಿ ರಸೀದಿ, ಬಡಗಿಯ ಅಂದಾಜು ಪಟ್ಟಿ, ಮಾಡಿನ ನಾಲ್ಕು ಫೋಟೋ, ಇಬ್ಬರ ಆಧಾರ್ ಮತ್ತು ಪ್ಯಾನ್ ಪ್ರತಿ. ಅರ್ಜಿಯ ಎರಡನೇ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಕೊಡಬೇಕಾಗಿ ವಿನಂತಿ.