2026ರ ದುಡಿಯುವ ಬಂಡವಾಳದ ಅಂದಾಜು ವರದಿ: ಒಣಮೆಣಸಿನಪುಡಿ ಘಟಕ, ಬ್ಯಾಡಗಿ

ದಿನಾಂಕ: 8 ಡಿಸೆಂಬರ್ 2025
ಸಾಲ ವಿಭಾಗದ ಅಧಿಕಾರಿಗಳಿಗೆ,

ಮಾನ್ಯರೇ,

ಸದ್ಯದ ₹20 ಲಕ್ಷದ ಕ್ಯಾಶ್ ಕ್ರೆಡಿಟ್ ಮಿತಿಯನ್ನು ₹27 ಲಕ್ಷಕ್ಕೆ ಏರಿಸಿ, ಫೆಬ್ರವರಿ 1ರಿಂದ ಜುಲೈ 31ರವರೆಗೆ ಮಾತ್ರ ₹33 ಲಕ್ಷದ ಹಂಗಾಮಿ ಮಿತಿಯನ್ನು ಹೆಚ್ಚುವರಿಯಾಗಿ ಕೊಡಬೇಕೆಂದು ಕೋರುತ್ತೇವೆ.

ನಮ್ಮ ವ್ಯಾಪಾರ ಹನ್ನೆರಡು ತಿಂಗಳದು, ಖರೀದಿ ಮೂರೇ ತಿಂಗಳದು. ಹೊಸ ಕಾಯಿ ಪೇಟೆಗೆ ಹೆಚ್ಚಾಗಿ ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ನಮ್ಮ ಗಿರಾಕಿಗಳಾದ ಹುಬ್ಬಳ್ಳಿ, ದಾವಣಗೆರೆಯ ಖಾನಾವಳಿಗಳು ಮತ್ತು ಕಿರಾಣಿ ಸಗಟು ಅಂಗಡಿಗಳು ಬ್ಯಾಡಗಿ ಪುಡಿಯನ್ನು ಕೊಳ್ಳುವುದು ಖಾರಕ್ಕಲ್ಲ, ಬಣ್ಣಕ್ಕೆ. ಹಂಗಾಮಿನಲ್ಲಿ ಕೊಂಡು ಶೈತ್ಯಾಗಾರದಲ್ಲಿಟ್ಟ ಕಡ್ಡಿ ಕಾಯಿಯನ್ನು ಆಗಸ್ಟ್‌ನಲ್ಲಿ ಮುರಿದರೂ ಒಳಸಿಪ್ಪೆ ಕಡುಗೆಂಪಾಗಿಯೇ ಇರುತ್ತದೆ. ಹೊರಗಿನ ಗೋದಾಮಿನಲ್ಲಿ ಬಿಸಿಲುಗಾಲ ಕಳೆದ ಕಾಯಿ ಮಾಸಿದ ಇಟ್ಟಿಗೆಯಂತೆ ಕಾಣುತ್ತದೆ.

ಈ ವರ್ಷ ಫೆಬ್ರವರಿ ಕೊನೆಯ ಹೊತ್ತಿಗೆ ನಮ್ಮ ಮಿತಿ ಮುಗಿದಿತ್ತು. ಬೇಕಿದ್ದ 400 ಕ್ವಿಂಟಲ್‌ನಲ್ಲಿ 120 ಕ್ವಿಂಟಲ್ ಕೊಳ್ಳಲಾಗಲಿಲ್ಲ. ಅದನ್ನೇ ಆಗಸ್ಟ್‌ನಲ್ಲಿ ದಾಸ್ತಾನುದಾರರಿಂದ ಕ್ವಿಂಟಲ್‌ಗೆ ₹4,000 ಹೆಚ್ಚು ಕೊಟ್ಟು ತಂದೆವು. ನಷ್ಟ: 120 × 4,000 = ₹4.80 ಲಕ್ಷ. ಈ ವರದಿ ಬರೆಯಲು ಮುಖ್ಯ ಕಾರಣ ಇದೇ.

ಅಂದಾಜಿನ ಆಧಾರ (ಜಿಎಸ್‌ಟಿ ಹೊರತುಪಡಿಸಿ)

2025ರ ಮಾರಾಟ 36,000 ಕೆಜಿ, ₹1.08 ಕೋಟಿ. ಇಬ್ಬರು ಹೊಸ ಸಗಟು ಗಿರಾಕಿಗಳ ಬೇಡಿಕೆ ಸೇರಿಸಿ 2026ಕ್ಕೆ 45,000 ಕೆಜಿ ಹಿಡಿದಿದ್ದೇವೆ. ಕೆಜಿಗೆ ₹300ರಂತೆ ₹1.35 ಕೋಟಿ, ಅಂದರೆ ತಿಂಗಳಿಗೆ ₹11.25 ಲಕ್ಷ. ತೊಟ್ಟು, ತೇವ, ದೂಳು ಕಳೆದು 100 ಕೆಜಿ ಕಾಯಿಗೆ 90 ಕೆಜಿ ಪುಡಿ ಬರುವುದರಿಂದ 500 ಕ್ವಿಂಟಲ್ ಕಾಯಿ ಬೇಕು. ಕ್ವಿಂಟಲ್‌ಗೆ ಸರಾಸರಿ ₹20,000ರಂತೆ ಒಟ್ಟು ₹1 ಕೋಟಿ. ಗಿರಾಕಿಗಳಿಗೆ ಒಂದು ತಿಂಗಳ ಉದ್ರಿ ಇದೆ. ಪೇಟೆಯಲ್ಲಿ ನಮಗೆ ಉದ್ರಿ ಇಲ್ಲ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೂಲಿ, ಹಮಾಲಿ, ವಿದ್ಯುತ್, ಪ್ಯಾಕಿಂಗ್, ಶೈತ್ಯಾಗಾರದ ಬಾಡಿಗೆ ಸೇರಿ ತಿಂಗಳಿಗೆ ₹1.25 ಲಕ್ಷ, ಪಾಲುದಾರರ ಮನೆಖರ್ಚಿಗೆ ₹0.50 ಲಕ್ಷ.

ವಹಿವಾಟು ಆಧಾರಿತ ಲೆಕ್ಕ

ನಾಯಕ್ ಸಮಿತಿಯ ಪದ್ಧತಿಯಂತೆ ಅಗತ್ಯ ಬಂಡವಾಳ 1.35 ಕೋಟಿ × 25% = ₹33.75 ಲಕ್ಷ. ನಮ್ಮ ಪಾಲು 5%, ₹6.75 ಲಕ್ಷ, ಬ್ಯಾಂಕಿನ ಪಾಲು 20%, ₹27 ಲಕ್ಷ. ಈ ಲೆಕ್ಕ ವರ್ಷಕ್ಕೆ ನಾಲ್ಕು ಸುತ್ತು ಹಣ ತಿರುಗುತ್ತದೆಂದು ಭಾವಿಸುತ್ತದೆ. ಮಾರ್ಚ್ ಅಂತ್ಯಕ್ಕೆ ನಮ್ಮಲ್ಲಿ ಒಂಬತ್ತು ತಿಂಗಳ ಕಾಯಿ ದಾಸ್ತಾನಿರುತ್ತದೆ. ಹಾಗಾಗಿ ತಿಂಗಳವಾರು ನಗದು ಲೆಕ್ಕವನ್ನೂ ನೋಡಬೇಕೆಂದು ಕೋರುತ್ತೇವೆ.

ನಗದು ಲೆಕ್ಕ (₹ ಲಕ್ಷಗಳಲ್ಲಿ, ಬಡ್ಡಿಗೆ ಮುನ್ನ)

ಜನವರಿ 1ಕ್ಕೆ ಕೈಯಲ್ಲಿರುವ ಸ್ವಂತ ನಗದು 16.00.

| ತಿಂಗಳು | ವಸೂಲಿ | ಖರೀದಿ | ಖರ್ಚು | ತಿಂಗಳಂತ್ಯದ ಬಾಕಿ |
|---|---|---|---|---|
| ಜನವರಿ | 9.00 | 30.00 | 1.75 | −6.75 |
| ಫೆಬ್ರವರಿ | 11.25 | 40.00 | 1.75 | −37.25 |
| ಮಾರ್ಚ್ | 11.25 | 30.00 | 1.75 | −57.75 |

ಏಪ್ರಿಲ್‌ನಿಂದ ಖರೀದಿ ಇಲ್ಲ, ತಿಂಗಳಿಗೆ 9.50 ಮರಳುತ್ತದೆ. ಜೂನ್ ಅಂತ್ಯಕ್ಕೆ −29.25, ಜುಲೈಗೆ −19.75, ಸೆಪ್ಟೆಂಬರ್‌ಗೆ −0.75. ತಿಂಗಳಂತ್ಯದ ಬಾಕಿಗಳ ಮೊತ್ತ 248.75, ವಾರ್ಷಿಕ 10% ದರದಲ್ಲಿ ವರ್ಷದ ಬಡ್ಡಿ 248.75 × 10% ÷ 12 = 2.07. ಮಾರ್ಚ್‌ವರೆಗಿನ ಬಡ್ಡಿ 0.85 ಸೇರಿದರೆ ಗರಿಷ್ಠ ಅಗತ್ಯ 58.60. ಬಡ್ಡಿ ಸೇರಿಸಿಯೂ ಅಕ್ಟೋಬರ್‌ನಲ್ಲಿ ಖಾತೆ ಜಮೆಗೆ ತಿರುಗುತ್ತದೆ.

ಭದ್ರತೆ

ಮಾರ್ಚ್ ಅಂತ್ಯದ ದಾಸ್ತಾನು 375 ಕ್ವಿಂಟಲ್, ₹75 ಲಕ್ಷ. 25% ಮಾರ್ಜಿನ್ ಕಳೆದು 56.25. ಬರಬೇಕಾದ ಉದ್ರಿ 11.25; 40% ಕಳೆದು 6.75. ಹಣ ಪಡೆಯುವ ಅರ್ಹತೆ ಒಟ್ಟು ₹63 ಲಕ್ಷ, ಕೇಳಿರುವುದು ₹60 ಲಕ್ಷ. ಆ ದಿನದ ₹86.25 ಲಕ್ಷದ ದಾಸ್ತಾನು ಮತ್ತು ಉದ್ರಿಯಲ್ಲಿ ನಮ್ಮ ಸ್ವಂತ ಹಣ ₹27.65 ಲಕ್ಷ, ಸುಮಾರು 32%.

ದರದ ಅಪಾಯವನ್ನು ಮುಚ್ಚಿಡುವುದಿಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಈ ಊರಿನ ಪೇಟೆಯಲ್ಲಿ ಏನಾಯಿತೆಂಬುದು ತಮಗೆ ಗೊತ್ತು. ಮಾರ್ಚ್ ಅಂತ್ಯದಲ್ಲೇ ದರ 10% ಇಳಿದರೆ ಅರ್ಹತೆ ₹57.38 ಲಕ್ಷಕ್ಕೆ ಇಳಿದು ₹1.22 ಲಕ್ಷ ಕೊರತೆ ಬೀಳುತ್ತದೆ. ಅದಕ್ಕೆಂದು ಪಾಲುದಾರರ ₹3 ಲಕ್ಷದ ನಿಶ್ಚಿತ ಠೇವಣಿಯನ್ನು ತಮ್ಮ ಶಾಖೆಯಲ್ಲೇ ಅಡವಿಡುತ್ತೇವೆ. ಜೂನ್‌ನಲ್ಲಿ ದರ ₹16,000ಕ್ಕೆ ಬಿದ್ದರೂ ಅರ್ಹತೆ 36.75, ಬಡ್ಡಿ ಸೇರಿದ ಬಾಕಿ 31.07. ಖರೀದಿ ದರ ₹22,000ಕ್ಕೆ ಏರಿದರೆ ಹೆಚ್ಚಿನ ಸಾಲ ಕೇಳುವುದಿಲ್ಲ. ಖರೀದಿಯನ್ನು 450 ಕ್ವಿಂಟಲ್‌ಗೆ ಇಳಿಸುತ್ತೇವೆ, ಆಗ ತಗಲುವುದು ₹99 ಲಕ್ಷ.

ಶೈತ್ಯಾಗಾರದ ರಸೀದಿಗಳನ್ನು ತಮ್ಮ ಹೆಸರಿಗೆ ಅಡವು ನಮೂದಿಸಿ ಒಪ್ಪಿಸುತ್ತೇವೆ. ದಾಸ್ತಾನು ಪಟ್ಟಿಯನ್ನು ಪ್ರತಿ ತಿಂಗಳ 7ರೊಳಗೆ ಕೊಡುತ್ತೇವೆ. ಜನವರಿಯ ಖರೀದಿಗೆ ಸ್ವಂತ ಹಣ ಮತ್ತು ಈಗಿನ ಮಿತಿ ಸಾಲುತ್ತದೆ. ಫೆಬ್ರವರಿಯ ಮೊದಲ ವಾರದ ಪೇಟೆಗೆ ಹೊಸ ಮಿತಿ ಕೈಗೆ ಸಿಗಬೇಕಾಗಿರುವುದರಿಂದ ಜನವರಿ 20ರೊಳಗೆ ಮಂಜೂರಾತಿ ತಿಳಿಸಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕ ಪಾಲುದಾರ