ಸುಮಾಗೆ, ಆಪರೇಷನ್ ಆದ ಮೇಲೆ

ಪ್ರೀತಿಯ ಸುಮಾ,

ಆಪರೇಷನ್ ಚೆನ್ನಾಗಿ ಆಯಿತು, ನಿನ್ನೆ ಮನೆಗೂ ಬಂದೆ ಅಂತ ನಿಮ್ಮ ಯಜಮಾನರು ಹೇಳಿದರು. ಕೇಳಿ ಜೀವಕ್ಕೆ ಸಮಾಧಾನವಾಯಿತು. ಆ ಪಿತ್ತಕೋಶದ ಕಲ್ಲು ನಿನ್ನನ್ನು ಎಷ್ಟು ಕಾಡಿಸಿತು! ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ಕೂತಿದ್ದು, ಬೆಳಿಗ್ಗೆ ಮತ್ತೆ ಡೊಂಬಿವಲಿಯಲ್ಲಿ ಆ ರಶ್ಶಿನ ಲೋಕಲ್ ಹತ್ತುತ್ತಿದ್ದೆ. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಇನ್ನು ಅವಸರ ಬೇಡ. ಡಾಕ್ಟರು ಹೇಳಿದಷ್ಟು ಮನೆಯೊಳಗೆ ನಿಧಾನವಾಗಿ ಓಡಾಡು, ಆದರೆ ನೀರಿನ ಬಕೆಟ್ ಮಾತ್ರ ಎತ್ತಬೇಡ. ನೀನು ಸುಮ್ನೆ ಕೂರುವವಳಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಆಫೀಸು ಕಾಯುತ್ತದೆ.

ಭಾನುವಾರ ಬರುತ್ತೇನೆ. ಮೆತ್ತಗಿನ ಅನ್ನ, ಒಗ್ಗರಣೆ ಇಲ್ಲದ ಹೆಸರುಬೇಳೆ ತೊವ್ವೆ ತರುತ್ತೇನೆ. ನಿನಗೆ ಸದ್ಯಕ್ಕೆ ಎಣ್ಣೆ ಜಾಸ್ತಿ ಆಗಬಾರದು, ಅಲ್ವಾ? ಮಾತಾಡಲು ಆಯಾಸವಾದರೆ ನೀನು ಮಲಗಿರು, ನಾನು ಪಕ್ಕದಲ್ಲಿ ಕೂತಿರುತ್ತೇನೆ.

ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಸಿಕ್ಕವರೆಲ್ಲ ನಿನ್ನನ್ನೇ ಕೇಳಿದರು. ಪೂರ್ತಿ ಗುಣವಾಗು, ಮುಂದಿನ ನಾಟಕಕ್ಕೆ ಇಬ್ಬರೂ ಹೋಗೋಣ.

ಇದಕ್ಕೆ ಉತ್ತರ ಬರೆಯುತ್ತಾ ಕೂರಬೇಡ. ಏನಾದರೂ ಬೇಕಿದ್ದರೆ ಮಾತ್ರ, ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡು.

ನಿನ್ನ
ವೀಣಾ